ಏಜೆನ್ಸಿ ಕ್ಯಾನ್ಸಲ್ ಲೆಟರ್‌ಗೆ ನಮ್ಮ ಉತ್ತರ

ಸೇಲ್ಸ್ ಮ್ಯಾನೇಜರ್ ಅವರಿಗೆ, ನಮಸ್ಕಾರ ಸರ್.

ಸೋಮವಾರ ನಿಮ್ಮ ಮೇಲ್ ಬಂತು, ಅವತ್ತಿಂದಾನೇ ದಾವಣಗೆರೆ ಡಿಸ್ಟ್ರಿಬ್ಯೂಷನ್ ಕ್ಯಾನ್ಸಲ್ ಅಂತ. ನಾವು ಇದನ್ನ ಒಪ್ಪಲ್ಲ. ಅಗ್ರಿಮೆಂಟ್ ಕ್ಲಾಸ್ 14ರಲ್ಲಿ 90 ದಿನ ಮುಂಚೆ ಬರವಣಿಗೇಲಿ ನೋಟಿಸ್ ಕೊಡಬೇಕು ಅಂತ ಇದೆ, ನೀವೇ ಸೈನ್ ಮಾಡಿದ್ದು. ಟಾರ್ಗೆಟ್ ಆಗಿಲ್ಲ ಅಂತೀರ, ಆದ್ರೆ ಎರಡು ತಿಂಗಳು ಮಾಲೇ ಕಳಿಸ್ಲಿಲ್ಲ, ಆರ್ಡರ್ ಮೇಲ್‌ಗಳೆಲ್ಲ ನಮ್ಮತ್ರ ಇವೆ. ಗೋಡೌನಲ್ಲಿ 11 ಲಕ್ಷದ ಬಿಸ್ಕೆಟ್ ಸ್ಟಾಕ್ ಇದೆ, ಡೇಟ್ ಮುಗಿದ್ರೆ ಯಾರು ತಗೋತಾರೆ, ಅಂಗಡಿಗಳಲ್ಲಿ 6 ಲಕ್ಷ ಉದ್ರಿ ಬೇರೆ, ಹೊಸಬ್ರು ಬಂದ್ರು ಅಂದ್ರೆ ಅದು ವಸೂಲಾಗೋದೇ ಕಷ್ಟ. ಒಂಬತ್ತು ವರ್ಷ ಒಂದು ಚೆಕ್ಕೂ ಬೌನ್ಸ್ ಆಗಿಲ್ಲ ಸರ್.

15 ದಿನದೊಳಗೆ ಕ್ಯಾನ್ಸಲ್ ಹಿಂದಕ್ಕೆ ತಗೊಂಡು ನೋಟಿಸ್ ಅವಧಿವರೆಗೆ ಸಪ್ಲೈ ಕೊಡಿ. ಇಲ್ಲಾಂದ್ರೆ ಸ್ಟಾಕ್ ವಾಪಸ್ ತಗೊಂಡು, 5 ಲಕ್ಷ ಡೆಪಾಸಿಟ್, ಬಾಕಿ ಕ್ಲೇಮ್ ಎಲ್ಲ ಸೆಟಲ್ ಮಾಡಿ. ಆಗ್ಲಿಲ್ಲ ಅಂದ್ರೆ ಕಾಂಟ್ರಾಕ್ಟ್ ಆ್ಯಕ್ಟ್ ಸೆಕ್ಷನ್ 73ರ ಪ್ರಕಾರ ನಷ್ಟಕ್ಕೆ ಕ್ಲೇಮ್ ಹಾಕ್ತೀವಿ.

ಇಂತಿ,
ನಿಮ್ಮ ದಾವಣಗೆರೆ ಡಿಸ್ಟ್ರಿಬ್ಯೂಟರ್