ಕಟ್ಟ ಮತ್ತು ಸುರಂಗ ದುರಸ್ತಿ ಯೋಜನೆ: ಪ್ರಗತಿ ವರದಿ, ಅಕ್ಟೋಬರ್–ಡಿಸೆಂಬರ್ 2024

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪೈವಳಿಕೆ ಮತ್ತು ಬೆಳ್ಳೂರು ಪಂಚಾಯತಿಗಳು
ಸಲ್ಲಿಕೆ: ಯೋಜನೆಗೆ ನೆರವಾದ ದಾನಿಗಳಿಗೆ

ಈ ಅವಧಿಯಲ್ಲಿ ತೋಡಿಗೆ ಅಡ್ಡಲಾಗಿ ನೀರು ನಿಲ್ಲಿಸುವ 18 ಕಟ್ಟಗಳ ಗುರಿಗೆ 16 ಕಟ್ಟಿದ್ದೇವೆ. ಡಿಸೆಂಬರ್ ಕೊನೆಗೆ 15ರಲ್ಲಿ ನೀರು ನಿಂತಿದೆ. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡ ಕೊರೆದ 12 ಸುರಂಗಗಳ ಪೈಕಿ 9ರ ಹೂಳು ತೆಗೆದಾಗಿದೆ. ಮಂಜೂರಾದ ರೂ. 9,60,000ದಲ್ಲಿ ರೂ. 6,18,400 ಖರ್ಚಾಗಿದೆ.

ಅಂಕಿಗಳು ಬಂದ ಬಗೆ

ಮೂರು ಕ್ಷೇತ್ರ ತಂಡಗಳು ಪ್ರತಿ ಶನಿವಾರ ಸಂಜೆ ಫೋನಿನಲ್ಲಿ ಕೊಟ್ಟ ವಿವರವೇ ಈ ವರದಿಯ ಮೂಲ. 13 ಶನಿವಾರಗಳಲ್ಲಿ 12 ಕರೆಗಳು ರೆಕಾರ್ಡ್ ಆಗಿವೆ. ನವೆಂಬರ್ 30ರಂದು ಸಿಗ್ನಲ್ ಸಿಗದೆ ಕರೆ ಕೈತಪ್ಪಿತು. ಆ ವಾರದ ಲೆಕ್ಕ ಹಾಜರಿ ಪುಸ್ತಕದಿಂದ ಮಾತ್ರ. ಕನ್ನಡ, ತುಳು, ಮಲಯಾಳ ಬೆರೆತ ಮಾತುಕತೆಯನ್ನು ಬರಹಕ್ಕಿಳಿಸಿ, ಪ್ರತಿ ಸಂಖ್ಯೆಯ ಎದುರು ಕರೆಯ ದಿನಾಂಕ, ನಿಮಿಷ ಬರೆದು, ಹಾಜರಿ ಪುಸ್ತಕ ಮತ್ತು ಫೋಟೋಗಳೊಂದಿಗೆ ತಾಳೆ ನೋಡಿದ್ದೇವೆ.

ಕರೆಗಳನ್ನು ಹಾಗೆಯೇ ಕೂಡಿಸಿದರೆ 17 ಕಟ್ಟಗಳಾಗುತ್ತವೆ. ಒಂದೇ ತೋಡಿನ ಆಚೀಚೆ ದಡದಿಂದ ಸೇರಿ ಕೆಲಸ ಮಾಡಿದ ಎರಡು ತಂಡಗಳೂ ಅದೇ ಕಟ್ಟವನ್ನು ತಮ್ಮ ಲೆಕ್ಕದಲ್ಲಿ ಹೇಳಿದ್ದವು. ಫೋಟೋದಲ್ಲಿ ಒಂದೇ ಬಾಗಿದ ಹಲಸಿನ ಮರ ಕಂಡು ಅದು ಗೊತ್ತಾಯಿತು. ತೆಗೆದ ಹೂಳನ್ನು ತಂಡಗಳು ಬುಟ್ಟಿ ಲೆಕ್ಕದಲ್ಲಿ ಹೇಳಿವೆ. ಬುಟ್ಟಿಗಳ ಗಾತ್ರ ಒಂದೇ ಅಲ್ಲದ್ದರಿಂದ ಅದರ ಮೊತ್ತವನ್ನು ಇಲ್ಲಿ ಕೊಟ್ಟಿಲ್ಲ.

ಕರೆಗಳಲ್ಲಿ ಬಂದ ಮನೆತನ, ವ್ಯಕ್ತಿಗಳ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಆದ ಕೆಲಸ

ಕಟ್ಟಗಳು: ಎಣ್ಮಕಜೆ 7, ಪೈವಳಿಕೆ 6, ಬೆಳ್ಳೂರು 3. ಎಲ್ಲವೂ ಮಳೆಗಾಲಕ್ಕೆ ಮೊದಲು ಬಿಚ್ಚುವ ತಾತ್ಕಾಲಿಕ ಕಟ್ಟಗಳು: ಕಲ್ಲು, ಅಡಿಕೆ ಮರದ ಸಲಾಕೆ, ಮಣ್ಣು ತುಂಬಿದ ಚೀಲ, ನೀರಿನ ಬದಿಗೆ ಸಿಲ್ಪಾಲಿನ್ ಶೀಟು. ಕೂಲಿ ಆಳುಗಳಲ್ಲದೆ ಊರವರ ಶ್ರಮದಾನ 287 ಆಳು-ದಿನ. ಇದಕ್ಕೆ ಬೆಲೆ ಕಟ್ಟಿ ಖರ್ಚಿಗೆ ಸೇರಿಸಿಲ್ಲ.

ಸುರಂಗಗಳು: ಕುಸಿದ ಮಣ್ಣು ತೆಗೆದು, ಒಳಗಿನ ನೀರಿನ ದಾರಿ ಬಿಡಿಸಿ, ಬಾಯಿಯ ಬಳಿ ನೀರು ಶೇಖರಿಸುವ ಹೊಂಡ ಸರಿಪಡಿಸಲಾಗಿದೆ. ಪೈವಳಿಕೆಯ ಒಂದು ಸುರಂಗದಲ್ಲಿ 15 ಲೀಟರ್ ಬಕೆಟ್ ತುಂಬಲು ಮೊದಲು 3 ನಿಮಿಷ 40 ಸೆಕೆಂಡ್ ಬೇಕಿತ್ತು, ಈಗ 2 ನಿಮಿಷ 10 ಸೆಕೆಂಡ್ ಸಾಕು. ಆದರೆ ಎರಡನೇ ಅಳತೆ ಡಿಸೆಂಬರ್ ಮಳೆಯ ಬಳಿಕದ್ದು. ಈ ಏರಿಕೆಯನ್ನೆಲ್ಲ ದುರಸ್ತಿಯ ಫಲವೆಂದು ಹೇಳುವುದು ಸರಿಯಲ್ಲ. ಏಪ್ರಿಲಿನ ಅಳತೆಯೇ ನಿಜವಾದ ಪರೀಕ್ಷೆ.

ಖರ್ಚು

ಕಟ್ಟದ ಕೂಲಿ (416 ಆಳು-ದಿನ, ದಿನಕ್ಕೆ ರೂ. 900): 3,74,400
ಸುರಂಗದ ನುರಿತ ಕೆಲಸಗಾರರು (62 ದಿನ, ರೂ. 1,300): 80,600
ಶೀಟು, ಚೀಲ, ಹಗ್ಗ, ಸಲಾಕೆ: 1,08,000
ಜೀಪು, ಪಿಕಪ್ ಬಾಡಿಗೆ: 38,400
ನೀರಿನ ಅಳತೆ, ದಾಖಲೆ: 17,000

ಉಳಿಕೆ ರೂ. 3,41,600.

ತೊಡಕುಗಳು

ದೊಡ್ಡ ಪೆಟ್ಟು ಡಿಸೆಂಬರ್ ಆರಂಭದ್ದು. ಫೆಂಗಲ್ ಚಂಡಮಾರುತದ ಶೇಷದಿಂದ ಬಂದ ಮಳೆಗೆ, ನವೆಂಬರಿನಲ್ಲೇ ಮುಗಿದಿದ್ದ 5 ಕಟ್ಟಗಳಲ್ಲಿ 3 ಒಡೆದವು. ಉಳಿದ ಎರಡಕ್ಕೆ ಒಂದು ಪಕ್ಕ ತಗ್ಗು ಬಿಟ್ಟು, ಹೆಚ್ಚಾದ ನೀರು ಕಲ್ಲಿನ ಮೇಲೆ ಬೀಳುವಂತೆ ಮಾಡಲಾಗಿತ್ತು. ಒಡೆದ ಮೂರರಲ್ಲೂ ಹಾಗಿರಲಿಲ್ಲ. ನೀರು ನಡುವಿನಿಂದ ಉಕ್ಕಿ ಕೆಳಬದಿಯ ಮಣ್ಣನ್ನು ಕೊರೆಯಿತು. ಎರಡನ್ನು ಮತ್ತೆ ಕಟ್ಟಿದ್ದೇವೆ. ಆ ಬಳಿಕದ ಎಲ್ಲ ಕಟ್ಟಗಳಿಗೂ ತಗ್ಗು ಕಡ್ಡಾಯವಾಗಿದೆ.

ನಾಲ್ಕು ಕಟ್ಟಗಳಲ್ಲಿ ಏಡಿಗಳು ದಡ ಕೊರೆದು ನೀರು ಸೋರುತ್ತಿದೆ. ಶೀಟಿನ ಅಂಚನ್ನು ದಡದೊಳಗೆ ಒಂದಡಿ ಅಗೆದು ಹೂತಲ್ಲಿ ಸೋರಿಕೆ ಕಡಿಮೆ. ಬರೀ ಮಣ್ಣು ಎಳೆದು ಮುಚ್ಚಿದಲ್ಲಿ ಹತ್ತು ದಿನದೊಳಗೆ ಮತ್ತೆ ತೂತು.

ಬಾಕಿ 3 ಸುರಂಗಗಳಲ್ಲಿ ಒಂದರೊಳಗೆ ದೀಪ ಆರಿದ್ದರಿಂದ ಕೆಲಸಗಾರರನ್ನು ತಕ್ಷಣ ಹೊರಗೆ ಕರೆಸಲಾಯಿತು. ಗಾಳಿಯ ವ್ಯವಸ್ಥೆಯಾಗುವವರೆಗೆ ಅಲ್ಲಿಗೆ ಯಾರನ್ನೂ ಇಳಿಸುವುದಿಲ್ಲ. ಇನ್ನೊಂದರಲ್ಲಿ ದಾರಿಯ ಜಾಗದ ಬಗ್ಗೆ ಎರಡು ಮನೆಯವರ ನಡುವೆ ಒಪ್ಪಿಗೆಯಾಗಿಲ್ಲ. ಮೂರನೆಯದಕ್ಕೆ ಆಳು ಸಿಕ್ಕಿಲ್ಲ. ಅಡಿಕೆ ಕೊಯ್ಲು ಶುರುವಾದ ಮೇಲೆ ಈ ಕೊರತೆ ಎಲ್ಲ ಕಡೆ ಇದೆ.

ಜನವರಿ–ಮಾರ್ಚ್

ಉಳಿದ 2 ಕಟ್ಟ, ಒಡೆದ 1 ಕಟ್ಟದ ಮರುನಿರ್ಮಾಣ ಜನವರಿ 25ರೊಳಗೆ. ತಡವಾದರೆ ತೋಡಿನ ಹರಿವು ಇಳಿದು ಕಟ್ಟಿಯೂ ಫಲವಿಲ್ಲ. ಸುರಂಗಕ್ಕೆ ಗಾಳಿ ಊದುವ ಯಂತ್ರ ಮತ್ತು ಕೊಳವೆಯ ಬಾಡಿಗೆಗೆ ರೂ. 42,000 ಬೇಕು. ಇದು ಮೂಲ ಅಂದಾಜಿನಲ್ಲಿಲ್ಲ. ಸಾಗಾಟದ ಬಾಬ್ತಿನ ಉಳಿಕೆಯಿಂದ ಈ ಮೊತ್ತ ಬಳಸಲು ತಮ್ಮ ಲಿಖಿತ ಒಪ್ಪಿಗೆಯನ್ನು ಜನವರಿ 20ರೊಳಗೆ ಕೋರುತ್ತೇವೆ.

ಯೋಜನಾ ಸಂಯೋಜಕರು, ಪೆರ್ಲ