ಖಾಸಗಿ ಆಪ್ತಸಮಾಲೋಚನೆ ಟಿಪ್ಪಣಿ: ವಿದ್ಯಾರ್ಥಿನಿ ಕ-7, ಮೂರನೇ ಭೇಟಿ

ರೆಕಾರ್ಡಿಂಗ್ ಕೇಳಿ, ನನ್ನ ಬಳಕೆಗೆ ಮಾತ್ರ ಬರೆದದ್ದು. ಹೆಸರು, ಊರು, ಕಾಲೇಜು ಬರೆದಿಲ್ಲ. ರೆಕಾರ್ಡ್ ಮಾಡಲು ಅವಳು ಮೊದಲೇ ಸಹಿ ಹಾಕಿ ಒಪ್ಪಿದ್ದಾಳೆ.

ಎರಡು ಪೇಪರ್ ಬ್ಯಾಕ್ ಆಗಿವೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಮಲಗಿದರೂ ರಾತ್ರಿ ಎರಡು ಗಂಟೆವರೆಗೆ ನಿದ್ದೆ ಬರುವುದಿಲ್ಲವಂತೆ, ಬೆಳಗಿನ ಕ್ಲಾಸು ತಪ್ಪುತ್ತಿದೆ.

ಇಡೀ ಮಾತಿನಲ್ಲಿ ಭಾರವಾಗಿದ್ದದ್ದು ಇದು: "ಅಮ್ಮ ದಿನಾ ಫೋನ್ ಮಾಡಿ ಊಟ ಆಯ್ತಾ ಅಂತಾರೆ. ಆಯ್ತು ಅಂತೀನಿ. ಆಗಿರಲ್ಲ." ಆಮೇಲೆ ಸುಮಾರು ಹೊತ್ತು ಮೌನ. ದುಪಟ್ಟಾದ ಅಂಚು ಸುತ್ತುತ್ತಿದ್ದಳು (ಇದು ನನ್ನ ನೆನಪು, ಧ್ವನಿಯಲ್ಲಿ ಸಿಗಲ್ಲ). ಅಪ್ಪನ ಸಿಟ್ಟಿಗಿಂತ ಅಮ್ಮನಿಗೆ ಸುಳ್ಳು ಹೇಳುತ್ತಿರುವುದೇ ಜಾಸ್ತಿ ಕಾಡುತ್ತಿದೆ ಅನಿಸಿತು. ನನ್ನ ಊಹೆ ಅಷ್ಟೇ, ಅವಳನ್ನೇ ಕೇಳಬೇಕು.

"ನಂಗೆ ಡಿಪ್ರೆಶನ್ನಾ ಮೇಡಂ?" ಎಂದಳು. ಅದು ಅವಳ ಪ್ರಶ್ನೆ, ನನ್ನ ತೀರ್ಮಾನ ಅಲ್ಲ. ಅದನ್ನು ಹೇಳಬೇಕಾದವರು ಮನೋವೈದ್ಯರು ಎಂದೆ. ನಿದ್ದೆ, ಊಟ ಹೀಗೇ ಇದ್ದರೆ ತೋರಿಸೋಣವಾ ಎಂದು ಕೇಳಿದೆ. "ಯೋಚಿಸ್ತೀನಿ" ಎಂದಳು.

ಸಾಯುವ, ನೋವು ಮಾಡಿಕೊಳ್ಳುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದಳು. ಆದರೂ ಟೆಲಿ ಮಾನಸ್ ಸಹಾಯವಾಣಿ ನಂಬರ್ 14416 ಕೊಟ್ಟೆ. ಈ ಪ್ರಶ್ನೆ ಪ್ರತಿ ಸಲವೂ ಕೇಳಬೇಕು.

ರೂಮ್‌ಮೇಟ್ ವಿಷಯವೂ ಬಂತು. ಅದು ಇನ್ನೊಬ್ಬರ ಗುಟ್ಟು, ಇಲ್ಲಿ ಬೇಡ.

ಮುಂದಿನ ಗುರುವಾರ: ಅಮ್ಮನಿಗೆ ಹೇಳುವುದಾದರೆ ಮೊದಲ ಮಾತು ಏನು? ಅವಳೇ ಬರೆದು ತರುತ್ತಾಳೆ. ಹಾಜರಾತಿ ಬಗ್ಗೆ ವಿಭಾಗದವರು ಕೇಳಿದರೆ, ಅವಳ ಒಪ್ಪಿಗೆ ಇಲ್ಲದೆ ಏನೂ ಹೇಳುವಂತಿಲ್ಲ. ಆಡಿಯೋ ಇವತ್ತೇ ಅಳಿಸಬೇಕು, ಫೋನಿನ ಬ್ಯಾಕಪ್‌ನಿಂದಲೂ.