ತಗೋಬಹುದಾ, ಬೇಡವಾ?

ಗಂಗಾವತಿ ಮಿಲ್‌ನ ಗೇಟು, ವೇಬ್ರಿಡ್ಜ್, ತೇವಾಂಶ ಮೇಜಿನವರಿಗೆ. ನೀತಿ ಸಂಹಿತೆ 38 ಪುಟ ಇದೆ, ಆಫೀಸಿನಲ್ಲಿ ಸಿಗುತ್ತದೆ. ದಿನಾ ಬೇಕಾಗುವುದು ಇಷ್ಟೇ.

ಮಾಡಿ
• ರೈತರ ಜೊತೆ ಚಹಾ ಕುಡಿಯಿರಿ, ಮಿರ್ಚಿ-ಮಂಡಾಳು ತಿನ್ನಿ. ಅದಕ್ಕೆ ಲೆಕ್ಕವಿಲ್ಲ.
• ದೀಪಾವಳಿಯ ಸ್ವೀಟ್ ಬಾಕ್ಸ್ 500 ರೂಪಾಯಿ ಒಳಗಿದ್ದರೆ ಎಲ್ಲರೂ ಹಂಚಿಕೊಳ್ಳಿ, ಕೊಟ್ಟವರ ಹೆಸರು ಗಿಫ್ಟ್ ರಿಜಿಸ್ಟರಿನಲ್ಲಿ ಬರೆಯಿರಿ.
• ಮೀಟರಿನ ಅಂಕಿ ರೈತರಿಗೆ ತೋರಿಸಿದ ಮೇಲೆಯೇ ಚೀಟಿ ಬರೆಯಿರಿ.
• ಬೀಗರ ಲಾರಿ ಬಂತಾ? ಸೂಪರ್‌ವೈಸರ್‌ಗೆ ಹೇಳಿ, ಬೇರೆಯವರು ತೂಗಲಿ.

ಮಾಡಬೇಡಿ
• ನಗದು ಹತ್ತು ರೂಪಾಯಿಯೂ ಬೇಡ. ಹೆಂಡತಿಯ ನಂಬರಿಗೆ ಫೋನ್‌ಪೇ ಮಾಡಿಸಿಕೊಂಡರೂ ಅದು ನಗದೇ.
• ದಲಾಲರ ಕವರ್, ಮೊಬೈಲ್, ತಿರುಪತಿ ಟ್ರಿಪ್ ಯಾವುದೂ ಬೇಡ.
• ಅಕ್ಕಿ ಚೀಲ. ಹೆಚ್ಚು ತೊಂದರೆ ಆಗುವುದು ಇಲ್ಲೇ, ಯಾಕೆಂದರೆ ಪ್ರೀತಿಯಿಂದಲೇ ಕೊಡುತ್ತಾರೆ. "ಮನ್ಯಾಗ ಹುಡುಗ್ರು ಉಣ್ಲಿ ತಗೋಪಾ" ಅಂದರೆ ಹೀಗೆ ಹೇಳಿ: "ಬ್ಯಾಡ್ರಿ ಯಜಮಾನ್ರ, ನಾಳೆ ನಿಮ್ಮ ತೂಕಾನ ಸುಳ್ಳು ಅಂತಾರ." ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.
• ಸರ್ಕಾರಿ ಕಚೇರಿಯಲ್ಲಿ ಕೆಲಸ ಬೇಗ ಆಗಲಿ ಎಂದು ಲಂಚ ಕೊಡಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು, ಅದಕ್ಕೇ ನಮಗೆ ಅದೇ ದಿನ ಹೇಳಿ.

ನೀವಿಲ್ಲದಾಗ ಮನೆ ಬಾಗಿಲಿಗೆ ಚೀಲ ಇಟ್ಟು ಹೋಗಿದ್ದರೆ ಫೋಟೋ ತೆಗೆದು ಮ್ಯಾನೇಜರ್‌ಗೆ ಕಳಿಸಿ. ವಾಪಸ್ ಕಳಿಸುವ ಗಾಡಿ ಬಾಡಿಗೆ ಮಿಲ್ ಕೊಡುತ್ತದೆ.